ಹೊಸ ವೆಬ್‌ಸೈಟ್ ಕಟ್ಟಿದವರಿಗೆ, ಪರೀಕ್ಷಿಸಿದವರಿಗೆ ಥ್ಯಾಂಕ್ಸ್ (ಹುಡುಕಾಟದ ತೊಂದರೆ: ಅರ್ಧ ಬಗೆಹರಿದಿದೆ)

ಸಂಘದ_ಕಡತ: ನಮ್ಮ ಸಾಂಸ್ಕೃತಿಕ ಸಂಘದ ಸೈಟ್ ಕಟ್ಟಿದವರಿಗೂ, ಪುಟ ಪುಟ ತೆರೆದು ತಪ್ಪು ಹುಡುಕಿದವರಿಗೂ ತುಂಬಾ ಥ್ಯಾಂಕ್ಸ್. ಪರೀಕ್ಷೆ ಮಾಡಿದವರು ಹಿಡಿದ ಒಂದು ತೊಂದರೆ ಮಾತ್ರ ನನಗೆ ಅರ್ಥವಾಗಿಲ್ಲ. ‘ಸಮಾರೋಪ’ ಅಂತ ಹುಡುಕಿದರೆ ಹೊಸ ವರದಿಗಳು ಸಿಗುತ್ತವೆ, ಹಳೆಯವು ಸಿಗುವುದಿಲ್ಲ. ಪುಟದಲ್ಲಿ ಪದ ಕಣ್ಣಿಗೆ ಸರಿಯಾಗೇ ಕಾಣುತ್ತದೆ!

ಅಕ್ಷರಪ್ರಿಯ: ಇದು ಫಾಂಟ್ ತೊಂದರೆ. ಫಾಂಟ್ ಬದಲಿಸಿ.

ಚಿತ್ರಶಾಲೆ: ನಮ್ಮಲ್ಲೂ ಹೀಗೇ. ಆಮಂತ್ರಣ ಪತ್ರಿಕೆಗಳು ಹುಡುಕಿದರೆ ಸಿಗಲ್ಲ. ಆದರೆ ಅವೆಲ್ಲ ಸ್ಕ್ಯಾನ್ ಮಾಡಿದ ಫೋಟೋಗಳು.

ಬೈಟುಗಾರ: ಚಿತ್ರಶಾಲೆ, ಫೋಟೋದಲ್ಲಿ ಹುಡುಕಲು ಅಕ್ಷರವೇ ಇರಲ್ಲ. ಅದು ಬೇರೆ ಕಥೆ. ಅಕ್ಷರಪ್ರಿಯ, ಫಾಂಟ್ ಬದಲಿಸಿದರೆ ಕಾಣುವುದು ಬದಲಾಗುತ್ತದೆ, ಹುಡುಕಾಟ ಅಲ್ಲ. ಸಂಘದವರೇ, ಹಳೆಯ ವರದಿಗಳನ್ನು ನುಡಿಯ ಹಳೇ ಫಾಂಟಿನಲ್ಲಿ ಟೈಪ್ ಮಾಡಿ ಆಮೇಲೆ ಯೂನಿಕೋಡ್‌ಗೆ ಬದಲಿಸಿದ್ದಾ? ಹಳೆಯ ಪುಟದಿಂದ ಆ ಪದವನ್ನು ಕಾಪಿ ಮಾಡಿ, ಬ್ರೌಸರ್ ಕನ್ಸೋಲ್‌ನಲ್ಲಿ ಇಲ್ಲಿ ಅಂಟಿಸಿ:

```
"ಇಲ್ಲಿ ಪದ".length
```

ಸಂಘದ_ಕಡತ: ಹೌದು, ನುಡಿಯಲ್ಲೇ ಮಾಡಿದ್ದು. ಹಳೆಯದಕ್ಕೆ 8 ಬಂತು. ನಾನೇ ಟೈಪ್ ಮಾಡಿದ್ದಕ್ಕೆ 6!

ಬೈಟುಗಾರ: ಸಿಕ್ಕಿತು. ಆ ಫಾಂಟಿನಲ್ಲಿ ‘ರೋ’ ಅಂದರೆ `gÉÆÃ`. ಮೊದಲು ರ, ಆಮೇಲೆ ಎತ್ವ, ಕೊಂಬಿನ ದೀರ್ಘ, ಕೊನೆಗೆ ದೀರ್ಘದ ಗುರುತು. ನಿಮ್ಮ ಪರಿವರ್ತಕ ಒಂದೊಂದು ತುಂಡನ್ನೂ ಹಾಗೇ ಬದಲಿಸಿದೆ. ಅದಕ್ಕೇ U+0CC6, U+0CC2, U+0CD5 ಅಂತ ಮೂರು ಚಿಹ್ನೆ ಕೂತಿವೆ. ಕೀಬೋರ್ಡ್ ಹಾಕುವುದು U+0CCB ಒಂದನ್ನೇ. ಪರದೆಯ ಮೇಲೆ ಎರಡೂ ಒಂದೇ ಥರ, ಹುಡುಕಾಟಕ್ಕೆ ಬೇರೆ ಬೇರೆ ಪದ. ಕೀ, ಕೇ, ಕೈ, ಕೊ ಇಂಥವೂ ಒಡೆದಿರಬಹುದು. ಒಡೆದ ಚಿಹ್ನೆಗಳನ್ನು ಮತ್ತೆ ಒಂದಾಗಿ ಕೂಡಿಸಲು ಒಂದೇ ಸಾಲು ಸಾಕು:

```
s = s.normalize("NFC")
```

ಮೊದಲು ಬ್ಯಾಕಪ್ ತೆಗೆಯಿರಿ. ಹಳೆಯ ವರದಿಗಳ ಮೇಲೆ ಇದನ್ನು ಓಡಿಸಿ, ಹುಡುಕಾಟದ ಇಂಡೆಕ್ಸ್ ಹೊಸದಾಗಿ ಕಟ್ಟಿ. ಓದುಗರು ಹುಡುಕಲು ಬರೆದ ಪದಕ್ಕೂ ಇದನ್ನೇ ಹಾಕಿ. ಇಲ್ಲದಿದ್ದರೆ ಬೇರೆ ಕಡೆಯಿಂದ ಅಂಟಿಸಿದ ಪದ ಮತ್ತೆ ಸಿಗಲ್ಲ.

ಅಕ್ಷರಪ್ರಿಯ: ಹಾಗಾದರೆ ಫಾಂಟಿಂದಲೇ ಶುರುವಾಗಿದ್ದು, ಅಲ್ವಾ?

ಬೈಟುಗಾರ: ಶುರುವಾಗಿದ್ದು ಹೌದು, ಒಪ್ಪಿದೆ :)

ಸಂಘದ_ಕಡತ: ‘ಸಮಾರೋಪ’ ಈಗ ಎಲ್ಲಾ ವರ್ಷದ್ದೂ ಬರುತ್ತಿದೆ. ಆದರೆ ‘ವರ್ಕ್‌ಶಾಪ್’ ಮಾತ್ರ ಕೆಲವು ಕಡೆ ಸಿಗುತ್ತಿಲ್ಲ.

ಬೈಟುಗಾರ: ಅಲ್ಲಿ ಕ್ ಆದ ಮೇಲೆ ಕಣ್ಣಿಗೆ ಕಾಣದ U+200C ಇದೆ. ಅದಿಲ್ಲದಿದ್ದರೆ ಶ ಒತ್ತಾಗಿಬಿಡುತ್ತದೆ. ಕೆಲವರು ಅದನ್ನು ಹಾಕುತ್ತಾರೆ, ಕೆಲವರು ಹಾಕಲ್ಲ. NFC ಅದನ್ನು ಮುಟ್ಟುವುದಿಲ್ಲ. ಪುಟದಿಂದ ತೆಗೆಯಬೇಡಿ, ಇಂಡೆಕ್ಸ್‌ನಿಂದ ಮತ್ತು ಹುಡುಕುವ ಪದದಿಂದ ಮಾತ್ರ ತೆಗೆದು ನೋಡಿ. ನಿಮ್ಮ ಹುಡುಕಾಟದ ಪ್ಲಗಿನ್ ಅದಕ್ಕೆ ಬಿಡುತ್ತದೋ ಇಲ್ಲವೋ, ನೀವೇ ನೋಡಬೇಕು.

ಸಂಘದ_ಕಡತ: ಸರಿ. ಪರೀಕ್ಷೆ ಮಾಡಿದವರಿಗೆ ಇನ್ನೊಂದು ಕೆಲಸ: ಹಳೆಯ ವರದಿಗಳಿಂದ ಓತ್ವ, ಐತ್ವ ಇರುವ ಪದಗಳನ್ನು ಕೈಯಿಂದ ಟೈಪ್ ಮಾಡಿ ಹುಡುಕಿ. ಸಿಗದವನ್ನು ಪುಟದ ವಿಳಾಸದ ಜೊತೆ ಇಲ್ಲೇ ಹಾಕಿ. ಪ್ಲಗಿನ್ ವಿಷಯ ಸೈಟ್ ಕಟ್ಟಿದವರನ್ನು ಕೇಳುತ್ತೇನೆ. ಅಲ್ಲಿಯವರೆಗೆ ಹಳೆಯ ಸೈಟ್ ಮುಚ್ಚುವುದಿಲ್ಲ.