ಕೊನೆಗೆ "ನಿಮ್ಮದೇನಾದರೂ ಪ್ರಶ್ನೆ ಇದೆಯಾ?" ಅಂದಾಗ ಏನು ಕೇಳೋದು?

ಹಿಂಜವಡಿ ಹುಡುಗ
ಪುಣೆಯ ಖರಾಡಿಯಲ್ಲಿರೋ ಒಂದು ಕಂಪನಿಯಲ್ಲಿ ಗುರುವಾರ ನನ್ನ ಎರಡನೇ ಟೆಕ್ನಿಕಲ್ ರೌಂಡ್ ಇದೆ. ಬ್ಯಾಕೆಂಡ್ ಕೆಲಸ, ಮೂರು ವರ್ಷದ ಅನುಭವ. ಕೊನೆಗೆ "ನಿಮ್ಮದೇನಾದರೂ ಪ್ರಶ್ನೆ ಇದೆಯಾ" ಅಂತಾರಲ್ಲ, ಆಗ ಏನು ಕೇಳಿದರೆ ಟೀಮ್ ಹೇಗಿದೆ ಅಂತ ಗೊತ್ತಾಗುತ್ತೆ? ಐದೇ ನಿಮಿಷ ಸಿಗೋದು.

ಮಗರಪಟ್ಟಾ ಮಂಜು
ನೋಟಿಸ್ ಪೀರಿಯಡ್ ಬೈಔಟ್ ಕೊಡ್ತಾರಾ ಅಂತ ಮೊದಲು ಕೇಳಿ. ನನ್ನದು 90 ದಿನ ಇದೆ, ಎರಡು ಆಫರ್ ಅದರಿಂದಲೇ ಕೈತಪ್ಪಿತು. ವಾರಕ್ಕೆ ಎಷ್ಟು ದಿನ ಆಫೀಸಿಗೆ ಬರಬೇಕು ಅನ್ನೋದನ್ನೂ ಕೇಳಿ. ಹಿಂಜವಡಿಯಿಂದ ಖರಾಡಿ ಅಂದ್ರೆ ಊರಿನ ಈ ತುದಿಯಿಂದ ಆ ತುದಿ.

ಬಾಣೇರ್ ಅಕ್ಕ
ಮಂಜು, ಅದನ್ನೆಲ್ಲ ಎಚ್‌ಆರ್ ಹತ್ತಿರ ಕೇಳ್ಬೇಕು. ಎದುರಿಗೆ ಕೂತ ಇಂಜಿನಿಯರ್‌ಗೆ ಅದು ಗೊತ್ತೂ ಇರಲ್ಲ.

ಕರಾವಳಿ ಕೋಡರ್
ಇದಕ್ಕೆ ರೆಡಿ ಪಟ್ಟಿ ಉಂಟು ಮಾರಾಯ್ರೆ. ಜೋಯೆಲ್ ಸ್ಪಾಲ್ಸ್ಕಿ ಅನ್ನೋ ಸಾಫ್ಟ್‌ವೇರ್ ಇಂಜಿನಿಯರ್ 2000ದಲ್ಲಿ ತಮ್ಮ ಬ್ಲಾಗಿನಲ್ಲಿ ಬರೆದ 12 ಪ್ರಶ್ನೆಗಳು. ಸೋರ್ಸ್ ಕಂಟ್ರೋಲ್ ಇದೆಯಾ, ಒಂದೇ ಹೆಜ್ಜೆಯಲ್ಲಿ ಬಿಲ್ಡ್ ಆಗುತ್ತಾ, ಹೊಸ ಕೋಡ್ ಬರೆಯುವ ಮುಂಚೆ ಹಳೇ ಬಗ್ ಸರಿ ಮಾಡ್ತೀರಾ, ಹೀಗೆ. ಹೌದು ಅನ್ನೋ ಉತ್ತರ ಹತ್ತು ಅಥವಾ ಅದಕ್ಕಿಂತ ಕಮ್ಮಿ ಬಂದರೆ ಗಂಭೀರ ತೊಂದರೆ ಇದೆ ಅಂತ ಅವರೇ ಬರೆದಿದ್ದಾರೆ. ಸುಮ್ನೆ ಟಿಕ್ ಹಾಕ್ತಾ ಹೋಗಿ, ಅಷ್ಟೇ.

ಬಾಣೇರ್ ಅಕ್ಕ
ಪಟ್ಟಿ ಒಳ್ಳೇದೇ. ಆದರೆ ಎಲ್ಲಕ್ಕೂ ಉತ್ತರ ಹೌದು ಇಲ್ಲಾಂದ್ರೆ ಇಲ್ಲ. "ಸೋರ್ಸ್ ಕಂಟ್ರೋಲ್ ಇದೆಯಾ" ಅಂತ ಕೇಳಿದರೆ ಇಲ್ಲ ಅನ್ನೋರು ಯಾರು? ಆ ಪ್ರಶ್ನೆಗಳು ಟೀಮಿನ ಒಳಗಿದ್ದವರು ತಮ್ಮನ್ನೇ ಅಳೆದುಕೊಳ್ಳೋಕೆ ಚೆಂದ. ಹೊರಗಿನವರು ಕೇಳಿದರೆ ಸಿಗೋದು ಬಾಯುಪಚಾರ.

ತಮ್ಮ, ನೀನು ಆಗಿಹೋದ ಒಂದು ಕೆಲಸದ ಬಗ್ಗೆ ಕೇಳು. "ನೀವು ಕೊನೆಯದಾಗಿ ಪ್ರೊಡಕ್ಷನ್‌ಗೆ ಕಳಿಸಿದ ಬದಲಾವಣೆ ಯಾವುದು? ಕೋಡ್ ಬರೆದು ಮುಗಿದ ಮೇಲೆ ಅದು ಬಳಸುವವರ ಕೈಗೆ ಹೋಗೋಕೆ ಎಷ್ಟು ದಿನ ಆಯ್ತು?" ಇದಕ್ಕೆ ಹೌದು ಇಲ್ಲ ಅಂತ ಹೇಳಿ ಮುಗಿಸೋಕಾಗಲ್ಲ, ಕಥೆಯನ್ನೇ ಹೇಳ್ಬೇಕು.

ನನ್ನ ಗೆಳತಿ ಇದನ್ನೇ ಕೇಳಿದಾಗ ಬಂದ ಉತ್ತರ ಹೇಳ್ತೀನಿ. ಎದುರಿಗಿದ್ದವರು ಪಾಪ, ಮುಚ್ಚುಮರೆ ಇಲ್ಲದೆ ಹೇಳಿದರು. ಒಂದು ರಿಪೋರ್ಟಿಗೆ ಒಂದು ಕಾಲಮ್ ಸೇರಿಸಬೇಕಿತ್ತು, ಸೋಮವಾರ ಮಧ್ಯಾಹ್ನವೇ ಕೋಡ್ ಮುಗಿದಿತ್ತು. ರಿವ್ಯೂ ಮಾಡಬೇಕಾದ ಲೀಡ್ ಬುಧವಾರ ನೋಡಿದರು. ಟೆಸ್ಟ್ ಸರ್ವರ್ ಇರೋದು ಒಂದೇ, ಅದನ್ನು ಬೇರೆ ಟೀಮ್ ಹಿಡಿದುಕೊಂಡಿತ್ತು, ಹಾಗಾಗಿ ಮುಂದಿನ ಸೋಮವಾರದವರೆಗೆ ಕಾದರು. ರಿಲೀಸ್ ಹದಿನೈದು ದಿನಕ್ಕೊಮ್ಮೆ, ಗುರುವಾರ ರಾತ್ರಿ ಹನ್ನೊಂದಕ್ಕೆ, ಎಲ್ಲರೂ ಕಾಲ್‌ನಲ್ಲಿ ಕೂತಿರಬೇಕು. ಅರ್ಧ ದಿನದ ಕೆಲಸ ಹೊರಗೆ ಬರೋಕೆ ಹನ್ನೊಂದನೇ ದಿನ ಆಯ್ತು.

ಇದರಲ್ಲಿ ಎಷ್ಟೊಂದು ಗೊತ್ತಾಯ್ತು ನೋಡು. ರಿವ್ಯೂ ಒಬ್ಬರ ಕೈಯಲ್ಲೇ ಇದೆ. ಟೆಸ್ಟ್ ಮಾಡೋಕೆ ಜಾಗ ಸಾಲಲ್ಲ. ರಿಲೀಸ್ ಅಂದ್ರೆ ಎಲ್ಲರಿಗೂ ಭಯ, ಅದಕ್ಕೇ ರಾತ್ರಿ ಕೂರಿಸ್ತಾರೆ. ಇದನ್ನೇ ಹೌದು ಇಲ್ಲ ಅನ್ನೋ ಥರ ಕೇಳಿದ್ದರೆ ರಿವ್ಯೂ ಇದೆ, ಟೆಸ್ಟಿಂಗ್ ಇದೆ, ರಿಲೀಸ್ ಪದ್ಧತಿ ಇದೆ ಅಂತ ಮೂರಕ್ಕೂ ಟಿಕ್ ಬೀಳ್ತಿತ್ತು.

ಧಾರವಾಡ ಮಂದಿ
ಅಕ್ಕಾರ, ಅಲ್ಲೊಂದು ತಕರಾರು ಐತಿ. ನಮ್ಮದು ಬ್ಯಾಂಕಿನ ಕೆಲಸ. ಕ್ವಾರ್ಟರ್ ಮುಗಿಯುವಾಗ ಏನೂ ಮುಟ್ಟುವಂಗಿಲ್ಲ, ಪ್ರತಿ ಬದಲಾವಣೆಗೂ ಬೇರೆಯವರ ಸಹಿ ಬೇಕು. ಹನ್ನೊಂದು ದಿನ ನಮಗ ಜಲ್ದಿನೇ ಆತು. ಹಂಗಂತ ನಮ್ಮ ಟೀಮ್ ಕೆಟ್ಟದ್ದೇನ್ರಿ?

ಬಾಣೇರ್ ಅಕ್ಕ
ಅಲ್ಲ ಅಣ್ಣ. ದಿನ ಎಣಿಸಿ ತೀರ್ಪು ಕೊಡಬಾರದು, ನಿಜ. ಕಾದದ್ದು ಯಾರಿಗೋಸ್ಕರ, ಯಾಕೆ ಅಂತ ಅವರಿಗೆ ಗೊತ್ತಿದೆಯಾ ಅನ್ನೋದನ್ನ ನೋಡಬೇಕು. "ಸಹಿಗೆ ನಾಲ್ಕು ದಿನ ಬೇಕು, ಅದು ನಿಯಮ, ಉಳಿದಿದ್ದು ನಮ್ಮ ಕೈಯಲ್ಲಿದೆ, ಅದು ಒಂದು ದಿನದಲ್ಲಿ ಆಗುತ್ತೆ" ಅಂದರೆ ಒಳ್ಳೇ ಟೀಮ್. "ಇಲ್ಲಿ ಎಲ್ಲ ಹಂಗೇ ಇರೋದು" ಅಂದರೆ ಸ್ವಲ್ಪ ಯೋಚನೆ ಮಾಡು.

ಇಂಟರ್‌ವ್ಯೂ ತಗೊಳ್ಳೋನು
ನಾನು ಟೇಬಲ್ಲಿನ ಆ ಕಡೆ ಕೂರೋನು. ಅಕ್ಕ ಹೇಳಿದ ಪ್ರಶ್ನೆ ಚೆನ್ನಾಗಿದೆ, ನನಗೂ ಉತ್ತರ ಹೇಳೋಕೆ ಖುಷಿ. ಅದರ ಜೊತೆ ಇನ್ನೊಂದನ್ನ ಕೇಳಬಹುದು. "ಇತ್ತೀಚೆಗೆ ಪ್ರೊಡಕ್ಷನ್‌ನಲ್ಲಿ ಏನಾದರೂ ಕೆಟ್ಟಿತ್ತಾ? ಮೊದಲು ಗೊತ್ತಾಗಿದ್ದು ಯಾರಿಗೆ? ಆಮೇಲೆ ಏನು ಬದಲಾಯ್ತು?"

ಇಲ್ಲಿ ಉತ್ತರದ ಕೊನೆಯ ಭಾಗವನ್ನ ಗಮನ ಇಟ್ಟು ಕೇಳಿ. ಒಂದು ಟೀಮ್ ಹೀಗೆ ಹೇಳುತ್ತೆ: "ಹೊಸ ಹುಡುಗ `WHERE` ಇಲ್ಲದೆ `UPDATE` ಓಡಿಸಿಬಿಟ್ಟ, ಟೇಬಲ್ಲಿನ ಎಲ್ಲ ಸಾಲೂ ಬದಲಾಗಿಹೋಯ್ತು, ಕಸ್ಟಮರ್ ಫೋನ್ ಮಾಡಿದಾಗ ಗೊತ್ತಾಯ್ತು, ಎಲ್ಲರಿಗೂ ಹುಷಾರಾಗಿರಿ ಅಂತ ಮೇಲ್ ಹಾಕಿದ್ವಿ." ಇನ್ನೊಂದು ಟೀಮಿನಲ್ಲೂ ಅದೇ ತಪ್ಪು ಆಗಿರುತ್ತೆ. ಅವರು ಹೇಳೋದು: "ಐದು ನಿಮಿಷದಲ್ಲಿ ಅಲರ್ಟ್ ಬಂತು, ಬ್ಯಾಕಪ್‌ನಿಂದ ಆ ಟೇಬಲ್ ವಾಪಸ್ ತಂದ್ವಿ. ಈಗ ಪ್ರೊಡಕ್ಷನ್ ಡೇಟಾಬೇಸ್‌ಗೆ ಯಾರಿಗೂ ನೇರ ಬರೆಯೋ ಅನುಮತಿ ಇಲ್ಲ, ಸ್ಕ್ರಿಪ್ಟ್ ರಿವ್ಯೂ ಆಗಿ ಹೋಗುತ್ತೆ." ಮೊದಲನೇ ಕಡೆ ಬದಲಾಗಿದ್ದು ಏನೂ ಇಲ್ಲ, ಮುಂದಿನ ಸಲ ಆ ಹೊಸ ಹುಡುಗ ನೀವೇ ಆಗಬಹುದು.

ಕೇಳುವ ಧಾಟಿ ಮುಖ್ಯ. "ನಿಮ್ಮಲ್ಲಿ ಎಷ್ಟು ಸಲ ಡೌನ್ ಆಗುತ್ತೆ" ಅಂತ ಪೊಲೀಸರ ಥರ ಕೇಳಿದರೆ ನಾನೂ ಮುಚ್ಚಿಕೊಳ್ತೀನಿ. "ಹೇಳಬಹುದಾದಷ್ಟು ಹೇಳಿ ಸರ್, ಗ್ರಾಹಕರ ಹೆಸರು ಬೇಡ" ಅಂತ ಸೇರಿಸಿ.

ಕರಾವಳಿ ಕೋಡರ್
"ನಮ್ಮಲ್ಲಿ ಏನೂ ಕೆಡೋದೇ ಇಲ್ಲ" ಅಂದರೆ? ಅದು ಒಳ್ಳೇ ಟೀಮ್ ಅಲ್ವಾ?

ಇಂಟರ್‌ವ್ಯೂ ತಗೊಳ್ಳೋನು
ಬಳಸೋರು ಕಮ್ಮಿ ಇರಬಹುದು, ಕೆಟ್ಟಿದ್ದು ಇವರಿಗೆ ಗೊತ್ತೇ ಆಗದಿರಬಹುದು, ಅಥವಾ ಹೇಳೋಕೆ ಇಷ್ಟ ಇಲ್ಲದಿರಬಹುದು. "ಏನಾದರೂ ಕೆಟ್ಟರೆ ನಿಮಗೆ ಹೇಗೆ ಗೊತ್ತಾಗುತ್ತೆ" ಅಂತ ಮುಂದುವರಿಸಿ. ಯಾವ ಅಲರ್ಟ್ ಬರುತ್ತೆ, ಯಾರ ಫೋನಿಗೆ ಬರುತ್ತೆ ಅಂತ ಥಟ್ಟನೆ ಹೇಳಿದರೆ ನಂಬಬಹುದು.

ಧಾರವಾಡ ಮಂದಿ
ರಾತ್ರಿ ಫೋನಿಂದು ನೆನಪಾತು. "ಆನ್‌ಕಾಲ್ ಐತೇನು" ಅಂತ ಕೇಳಬ್ಯಾಡ ತಮ್ಮ, "ನಿಮ್ಮ ಹೋದ ಸರದಿಯಾಗ ರಾತ್ರಿ ಎಷ್ಟು ಸಲ ಎದ್ದ್ರಿ, ಮರುದಿನ ತಡಾಗಿ ಬಂದ್ರ ನಡೀತದೇನು" ಅಂತ ಕೇಳು. ಎದುರಿನವರ ನಗೀನ ಅರ್ಧ ಉತ್ತರ.

ಹಿಂಜವಡಿ ಹುಡುಗ
ಅಕ್ಕ, ಸರ್, ತುಂಬಾ ಥ್ಯಾಂಕ್ಸ್. ಆದರೆ ಇಂಟರ್‌ವ್ಯೂ ಮಾಡೋರು ಆ ಟೀಮಿನವರೇ ಅಲ್ಲದಿದ್ದರೆ? ಮೊದಲ ರೌಂಡ್ ಮಾಡಿದವರು ಬೇರೆ ಪ್ರಾಜೆಕ್ಟಿನವರು.

ಇಂಟರ್‌ವ್ಯೂ ತಗೊಳ್ಳೋನು
ಅದನ್ನೇ ಮೊದಲು ಕೇಳಿ: "ನಾನು ಸೇರಿದರೆ ನಿಮ್ಮ ಜೊತೆ ಕೆಲಸ ಮಾಡ್ತೀನಾ?" ಇಲ್ಲ ಅಂದರೆ ಅವರ ಉತ್ತರ ಅವರ ಟೀಮಿಗೆ ಮಾತ್ರ ಸರಿ. ಆಫರ್ ಬಂದ ಮೇಲೆ, ಸಹಿ ಹಾಕೋ ಮುಂಚೆ, ಟೀಮಿನ ಒಬ್ಬರ ಜೊತೆ ಇಪ್ಪತ್ತು ನಿಮಿಷ ಮಾತಾಡೋಕೆ ಬಿಡಿ ಅಂತ ಎಚ್‌ಆರ್‌ಗೆ ಕೇಳಿ. ನಾವು ಕೊಡ್ತೀವಿ.

ಮಗರಪಟ್ಟಾ ಮಂಜು
ಪ್ರಾಡಕ್ಟ್ ಕಂಪನಿಯಲ್ಲಿ ಕೊಡಬಹುದು ಸರ್. ನಮ್ಮಂಥ ಸರ್ವಿಸ್ ಕಂಪನಿಯಲ್ಲಿ ಸೇರಿದ ಮೇಲೆ ಬೆಂಚು, ಆಮೇಲೆ ಪ್ರಾಜೆಕ್ಟು. ಯಾವ ಟೀಮ್ ಅಂತ ಎಚ್‌ಆರ್‌ಗೇ ಗೊತ್ತಿರಲ್ಲ. ಅಲ್ಲಿ ಈ ಪ್ರಶ್ನೆ ಯಾರಿಗೆ ಕೇಳೋದು?

ಬಾಣೇರ್ ಅಕ್ಕ
ಅಲ್ಲಿ ಟೀಮಿನ ಬದಲು ಕಂಪನಿಯನ್ನೇ ಕೇಳಬೇಕು. ಪ್ರಾಜೆಕ್ಟ್ ಹಿಡಿಸದಿದ್ದರೆ ಬದಲಾಯಿಸೋಕೆ ಎಷ್ಟು ತಿಂಗಳು ಕಾಯಬೇಕು, ಹಾಗೆ ಬದಲಾಯಿಸಿಕೊಂಡವರು ಯಾರಾದರೂ ನಿಮಗೆ ಗೊತ್ತಾ ಅಂತ.

ಮಗರಪಟ್ಟಾ ಮಂಜು
ಕೇಳಿದ್ದೆ. "ಪಾಲಿಸಿ ಇದೆ" ಅಂದರು.