ಪದಚರ್ಚೆ: ‘ಲಾಭಾಂಶ’ ಅಂದರೆ ಮಾರ್ಜಿನ್ನೋ ಡಿವಿಡೆಂಡೋ? ಜೊತೆಗೆ ಆರ್‌ಒಇ ಮತ್ತು ‘ಕಂದಕ’

ಕೇಳಿಕೆ, ಮೈಸೂರಿನಿಂದ

ಎಲ್ಲರಿಗೂ ನಮಸ್ಕಾರ.

ಒಂದು ಮಾಸಪತ್ರಿಕೆಗೆ ಲೇಖನ ಬರೆಯುತ್ತಿದ್ದೇನೆ. ಒಂದು ಕಂಪನಿಯ ಗುಣವನ್ನು ಹತ್ತಾರು ವರ್ಷದ ಲೆಕ್ಕ ನೋಡಿ ತೂಗುವುದು ಹೇಗೆ ಅನ್ನುವುದು ವಿಷಯ. ಉದಾಹರಣೆಗೆ ಕ್ಯಾಲಿಫೋರ್ನಿಯಾದ ಸೀಸ್ ಕ್ಯಾಂಡೀಸ್ ಅನ್ನುವ ಚಾಕೊಲೇಟ್ ಕಂಪನಿಯನ್ನು ತಗೊಂಡಿದ್ದೇನೆ. 1972ರಲ್ಲಿ ಅಮೆರಿಕದ ಹೂಡಿಕೆದಾರರಾದ ವಾರೆನ್ ಬಫೆಟ್ ಮತ್ತು ಚಾರ್ಲಿ ಮಂಗರ್ ತಮ್ಮ ಹಿಡಿತದಲ್ಲಿದ್ದ ಬ್ಲೂ ಚಿಪ್ ಸ್ಟಾಂಪ್ಸ್ ಅನ್ನುವ ಕಂಪನಿಯ ಮೂಲಕ ಅದನ್ನು ಎರಡೂವರೆ ಕೋಟಿ ಡಾಲರಿಗೆ ಕೊಂಡರು. ಅದರ ಲೆಕ್ಕವನ್ನು ಬಫೆಟ್ ಅವರೇ ಷೇರುದಾರರಿಗೆ ಬರೆದ ಪತ್ರಗಳಲ್ಲಿ ಬಿಡಿಸಿಟ್ಟಿದ್ದಾರೆ. ಹಾಗಾಗಿ ಅಂಕಿಗೆ ತೊಂದರೆ ಇಲ್ಲ, ಪದಗಳಿಗೆ ತೊಂದರೆ.

‘ಪ್ರಾಫಿಟ್ ಮಾರ್ಜಿನ್’ ಅನ್ನುವುದಕ್ಕೆ ಕರಡಿನಲ್ಲಿ ‘ಲಾಭಾಂಶ’ ಅಂತ ಹಾಕಿದ್ದೆ. ‘2007ರಲ್ಲಿ ಸೀಸ್‌ನ ಲಾಭಾಂಶ ನೂರಕ್ಕೆ 21’ ಅನ್ನುವ ಸಾಲನ್ನು ಅಪ್ಪ ಓದಿ, "ಅಷ್ಟೊಂದು ಡಿವಿಡೆಂಡ್ ಕೊಡ್ತಾರಾ?" ಅಂದರು. ತಪ್ಪು ಅಪ್ಪನದಲ್ಲ. ‘ಲಾಭದ ಅಂಚು’ ಅಂತ ಬರೆದರೆ ಸೀರೆಯ ಅಂಚು ನೆನಪಾಗುತ್ತೆ. ‘ರಿಟರ್ನ್ ಆನ್ ಈಕ್ವಿಟಿ’, ಅಂದರೆ ಆರ್‌ಒಇಗೆ ‘ಷೇರು ಬಂಡವಾಳದ ಮೇಲಿನ ಪ್ರತಿಫಲ’ ಅಂತ ಬರೆದಿದ್ದೇನೆ, ಅದೂ ಸರಿ ಕಾಣುತ್ತಿಲ್ಲ. ಪೈಪೋಟಿಯವರು ದಾಟಿ ಬರಲಾಗದ ರಕ್ಷಣೆಗೆ ಬಫೆಟ್ ಕೋಟೆಯ ಸುತ್ತಿನ ‘ಮೋಟ್’ನ ಹೋಲಿಕೆ ಕೊಡುತ್ತಾರೆ. ಅದಕ್ಕೆ ‘ಕಂದಕ’ ಸಾಕಾ? ನೀವು ದಿನಾ ಬಳಸುವ ಮಾತು ಏನಿದೆಯೋ ಹೇಳಿ.

ಉತ್ತರ, ಶಿರಸಿಯಿಂದ

ಲಾಭಾಂಶದ ವಿಷಯ ತೆಗೆದದ್ದು ಒಳ್ಳೆಯದಾಯಿತು. ನಮ್ಮೂರಿನ ಒಂದು ಸೊಸೈಟಿ ಮೂರು ವರ್ಷದಿಂದ ಲಾಭಾಂಶ ಕೊಟ್ಟಿಲ್ಲ. ಸಭೆಯಲ್ಲಿ ಕೇಳಿದರೆ ‘ಲಾಭ ಇದೆ, ಮೀಸಲು ನಿಧಿಗೆ ಹಾಕಿದ್ದೇವೆ’ ಅನ್ನುತ್ತಾರೆ. ಲಾಭ ಇದ್ದ ಮೇಲೆ ಅದರಲ್ಲಿ ನಮ್ಮ ಅಂಶ ಕೊಡಬೇಕಲ್ವಾ? ಸೀಸ್ ಕಂಪನಿ ನೂರಕ್ಕೆ 21 ಕೊಡುತ್ತೆ ಅಂದರೆ ನಮ್ಮವರಿಗೆ ಹತ್ತಾದರೂ ಕೊಡಲು ಏನು ಕಷ್ಟ? ಪದ ಸರಿಯಾಗಿಯೇ ಇದೆ ಮೇಡಂ, ಬದಲಾಯಿಸಬೇಡಿ.

ಉತ್ತರ, ದಾವಣಗೆರೆಯಿಂದ

ನಮಸ್ಕಾರ ಮೇಡಂ. ನಮ್ಮದು ಕಿರಾಣಿ ಅಂಗಡಿ. ‘ಮಾರ್ಜಿನ್’ ಅನ್ನುವುದೇ ಎಲ್ಲರ ಬಾಯಲ್ಲಿದೆ, ಸೋಪಿನ ಏಜೆನ್ಸಿಯವರೂ ಹಾಗೇ ಅನ್ನುತ್ತಾರೆ. ನಾವು ನಾವೇ ಮಾತಾಡುವಾಗ ‘ನೂರಕ್ಕೆ ಎಷ್ಟು ಉಳೀತು’ ಅನ್ನುತ್ತೇವೆ. ಗಿಟ್ಟಿತು, ಗಿಟ್ಟಲಿಲ್ಲ ಅನ್ನುವುದೂ ಇದೆ, ಆದರೆ ಅದರಲ್ಲಿ ಲೆಕ್ಕ ಇಲ್ಲ.

ಒಂದು ಮಾತು ನೆನಪಿಡಿ. ನೂರು ರೂಪಾಯಿ ಅಸಲಿನ ಸೋಪನ್ನು 112ಕ್ಕೆ ಮಾರಿದರೆ ನಾವು ನೂರಕ್ಕೆ 12 ಅನ್ನುತ್ತೇವೆ. ನಮ್ಮ ಆಡಿಟರ್ ಅದನ್ನೇ ಹತ್ತೂ ಮುಕ್ಕಾಲಿನ ಹತ್ತಿರ ಅಂತ ಬರೆಯುತ್ತಾರೆ. ನಾವು ಅಸಲಿನ ಮೇಲೆ ಎಣಿಸುತ್ತೇವೆ, ಅವರು ಮಾರಿದ ಬೆಲೆಯ ಮೇಲೆ.

ಇನ್ನೊಂದು. ಮಾರ್ಜಿನ್ ನೋಡಿ ಕಂಪನಿ ಅಳೆಯುವುದು ನನಗೆ ಒಪ್ಪಿಗೆ ಇಲ್ಲ. ಬಾಡಿಗೆ, ಹುಡುಗರ ಸಂಬಳ, ಕರೆಂಟು ಎಲ್ಲ ಕಳೆದು ನಮಗೆ ಉಳಿಯುವುದು ಮಾರಾಟದ ನೂರಕ್ಕೆ ಮೂರೇ ರೂಪಾಯಿ. ಆದರೆ ಹಾಕಿದ ಐದು ಲಕ್ಷ ವರ್ಷಕ್ಕೆ ಹನ್ನೆರಡು ಸಲ ತಿರುಗುತ್ತೆ. 60 ಲಕ್ಷದ ವ್ಯಾಪಾರಕ್ಕೆ 1 ಲಕ್ಷ 80 ಸಾವಿರ ಬಂತು, ಅಂದರೆ ಹಾಕಿದ ದುಡ್ಡಿಗೆ ನೂರಕ್ಕೆ 36. ರೊಟೇಷನ್ ಇದ್ದರೆ ಸಾಕು, ಮಾರ್ಜಿನ್ ಎಷ್ಟಾದರೇನು?

ಉತ್ತರ, ಉಡುಪಿಯಿಂದ

ಬ್ಯಾಂಕಿನಲ್ಲಿ ಸಾಲದ ವಿಭಾಗದಲ್ಲೇ ಮೂವತ್ತು ವರ್ಷ ಇದ್ದೆ. ಕಂಪನಿಗಳ ಬ್ಯಾಲೆನ್ಸ್ ಶೀಟ್ ಓದುವುದೇ ಕೆಲಸವಾಗಿತ್ತು, ಅದರಿಂದ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಬೇಸರ ಬೇಡ.

ಮೊದಲು ಶಿರಸಿಯ ಸರ್‌ಗೆ. ನೀವು ಹೇಳುವುದು ಡಿವಿಡೆಂಡ್, ಲಾಭವನ್ನು ಹಂಚುವ ಮಾತು. ಮೇಡಂ ಕೇಳಿದ್ದು ಮಾರಾಟದಲ್ಲಿ ಎಷ್ಟು ಲಾಭವಾಗಿ ಉಳಿಯಿತು ಅಂತ. ನೀವು ಹೀಗೆ ಓದಿಕೊಂಡಿರಿ ಅನ್ನುವುದೇ ಆ ಪದವನ್ನು ಬಿಡಲು ಸಾಕಷ್ಟು ಕಾರಣ. ಲಾಭಾಂಶ ಅನ್ನುವುದು ಕನ್ನಡದಲ್ಲಿ ಡಿವಿಡೆಂಡಿಗೇ ಸೇರಿಹೋಗಿದೆ. ಲೇಖನದಲ್ಲಿ ‘ಮಾರ್ಜಿನ್’ ಅಂತಲೇ ಬರೆಯಿರಿ, ಮೊದಲ ಸಲ ಬಂದಾಗ ‘ನೂರು ರೂಪಾಯಿ ಮಾರಾಟಕ್ಕೆ ಉಳಿಯುವುದು’ ಅಂತ ಬಿಡಿಸಿ ಹೇಳಿ.

ಇನ್ನು ‘ಷೇರು ಬಂಡವಾಳ’. ಇದು ನಿಜವಾಗಿ ತಪ್ಪು. ಷೇರು ಬಂಡವಾಳ ಅಂದರೆ ಷೇರಿನ ಮುಖಬೆಲೆಯ ಮೊತ್ತ ಅಷ್ಟೇ. ಈಕ್ವಿಟಿಯಲ್ಲಿ ಅದರ ಜೊತೆಗೆ ಇಷ್ಟು ವರ್ಷ ಹಂಚದೆ ಉಳಿಸಿಕೊಂಡ ಲಾಭವೂ ಸೇರುತ್ತೆ. ಹಳೆಯ ಕಂಪನಿಗಳಲ್ಲಿ ಆ ಉಳಿಸಿಕೊಂಡದ್ದೇ ಜಾಸ್ತಿ. ನಾವು ಬ್ಯಾಂಕಿನಲ್ಲಿ ‘ಸ್ವಂತ ಬಂಡವಾಳ’ ಅನ್ನುತ್ತಿದ್ದೆವು, ಸಾಲದ ಬಂಡವಾಳ ಅಲ್ಲದ್ದು ಅನ್ನುವ ಅರ್ಥ ಅದರಲ್ಲೇ ಕಾಣುತ್ತೆ.

‘ಪ್ರತಿಫಲ’ವೂ ಬೇಡ. ಓದುವವರು ಅದು ತಮ್ಮ ಕೈಗೆ ಬರುವ ದುಡ್ಡು ಅಂದುಕೊಳ್ಳುತ್ತಾರೆ. ಮೇಡಂ ತಗೊಂಡ ಸೀಸ್‌ನಲ್ಲೇ ಇದು ಚೆನ್ನಾಗಿ ಕಾಣುತ್ತೆ. 1972ರಲ್ಲಿ ಆ ಕಂಪನಿ ನಡೆಯಲು ಬೇಕಾಗಿದ್ದ ಬಂಡವಾಳ 80 ಲಕ್ಷ ಡಾಲರ್. ತೆರಿಗೆ ಕಳೆದು ಬಂದ ಲಾಭ ಸುಮಾರು 20 ಲಕ್ಷ. ನೂರಕ್ಕೆ 25 ಆಯಿತು. ಆದರೆ ಕೊಂಡವರು ಕೊಟ್ಟದ್ದು ಎರಡೂವರೆ ಕೋಟಿ. ಅವರ ದುಡ್ಡಿನ ಮೇಲೆ ಅದೇ 20 ಲಕ್ಷ ಮೊದಲ ವರ್ಷ ನೂರಕ್ಕೆ ಎಂಟು ಮಾತ್ರ. ಕಂಪನಿ ಒಂದೇ, ಲಾಭ ಒಂದೇ, ಯಾರ ದುಡ್ಡಿನ ಮೇಲೆ ಎಣಿಸುತ್ತೀರಿ ಅನ್ನುವುದು ಬೇರೆ. ಆರ್‌ಒಇ ಹೇಳುವುದು ಕಂಪನಿಯ ಒಳಗಿನ ದುಡ್ಡಿನ ದುಡಿಮೆಯನ್ನು. ನೀವು ಷೇರು ಪೇಟೆಯಲ್ಲಿ ಯಾವ ಬೆಲೆಗೆ ಕೊಂಡಿರಿ ಅಂತ ಅದಕ್ಕೆ ಗೊತ್ತಿಲ್ಲ. ನನ್ನ ಸಲಹೆ, ‘ಸ್ವಂತ ಬಂಡವಾಳದ ಮೇಲಿನ ಗಳಿಕೆ’.

ದಾವಣಗೆರೆಯವರ ಲೆಕ್ಕ ಸರಿಯಾಗಿದೆ. ಮಾರ್ಜಿನ್ ಮತ್ತು ತಿರುಗುವುದು ಎರಡನ್ನೂ ಗುಣಿಸಿಯೇ ಗಳಿಕೆ ಬರುವುದು. ಅಮೆರಿಕದ ಡುಪಾಂಟ್ ಕಂಪನಿಯಲ್ಲಿ ನೂರು ವರ್ಷದ ಹಿಂದೆಯೇ ಹೀಗೆ ಬಿಡಿಸಿ ನೋಡುತ್ತಿದ್ದರು. ಆದರೆ ಆರ್‌ಒಇಯಲ್ಲಿ ಮೂರನೆಯದೊಂದು ಸೇರುತ್ತೆ, ಸಾಲ. ಒಂದು ಬ್ಯಾಂಕು ತಾನು ಕೊಟ್ಟ ನೂರು ರೂಪಾಯಿ ಸಾಲದ ಮೇಲೆ ಒಂದೇ ರೂಪಾಯಿ ಉಳಿಸಿತು ಅನ್ನಿ. ಆ ನೂರರಲ್ಲಿ ಸ್ವಂತದ್ದು ಎಂಟು, ಮಿಕ್ಕಿದ್ದು ಜನರ ಠೇವಣಿ, ಅಂದರೆ ಬ್ಯಾಂಕು ಜನರಿಂದ ಪಡೆದ ಸಾಲ. ಆಗ ಆರ್‌ಒಇ ಹನ್ನೆರಡೂವರೆ. ನೋಡಲು ಚೆಂದ. ಆದರೆ ಕೊಟ್ಟ ಸಾಲದಲ್ಲಿ ನೂರಕ್ಕೆ ನಾಲ್ಕು ಮುಳುಗಿದರೆ ಸ್ವಂತದ ಅರ್ಧ ಹೋಯಿತು. ಅದಕ್ಕೇ ನಾನು ಆರ್‌ಒಇ ಏರಿದ್ದು ಕಂಡರೆ ಮೊದಲು ಸಾಲ ಏರಿದೆಯಾ ಅಂತ ನೋಡುತ್ತಿದ್ದೆ. ಕಂಪನಿ ತನ್ನ ಷೇರನ್ನು ತಾನೇ ಕೊಂಡು ಸ್ವಂತ ಬಂಡವಾಳವನ್ನು ಕರಗಿಸಿದರೂ ಆರ್‌ಒಇ ಏರುತ್ತೆ. ಅಮೆರಿಕದ ಮೆಕ್‌ಡೊನಾಲ್ಡ್ಸ್ ಹೀಗೆ ಕೊಂಡು ಕೊಂಡು ಅದರ ಸ್ವಂತ ಬಂಡವಾಳ ಸೊನ್ನೆಗಿಂತ ಕೆಳಗೆ ಇಳಿದಿದೆ. ಅಲ್ಲಿ ಆರ್‌ಒಇ ಅನ್ನುವ ಅಂಕಿಗೆ ಅರ್ಥವೇ ಇಲ್ಲ, ಆದರೆ ವ್ಯಾಪಾರ ಚೆನ್ನಾಗಿಯೇ ಇದೆ.

ಉತ್ತರ, ದಾವಣಗೆರೆಯಿಂದ

ಸರ್, ಹಾಗಾದರೆ ಸಾಲ ಇಲ್ಲದ ನನ್ನ 36 ಸೀಸ್‌ನ 25ಕ್ಕಿಂತ ಮೇಲೇ ಆಯಿತಲ್ಲ?

ಉತ್ತರ, ಉಡುಪಿಯಿಂದ

ಈ ವರ್ಷಕ್ಕೆ ಮೇಲೇ. ಆದರೆ ಆ 36ರಲ್ಲಿ ನಿಮ್ಮ ಸಂಬಳ ಕಳೆದಿದ್ದೀರಾ? ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಗಲ್ಲಾದಲ್ಲಿ ಕೂರುವವರು ನೀವು. ತಿಂಗಳಿಗೆ 15 ಸಾವಿರ ಅಂತ ಹಿಡಿದರೂ ವರ್ಷಕ್ಕೆ 1 ಲಕ್ಷ 80 ಸಾವಿರ ಅಲ್ಲೇ ಮುಗಿಯಿತು.

ಇನ್ನೊಂದು, ನಿಮ್ಮ ಎದುರಿಗೆ ದೊಡ್ಡ ಮಳಿಗೆ ಬಂದು ಸಾಮಾನಿನ ಬೆಲೆಯಲ್ಲಿ ನೂರಕ್ಕೆ ಒಂದು ರೂಪಾಯಿ ಇಳಿಸಿದರೆ ನೀವೂ ಇಳಿಸಲೇಬೇಕು. ನಿಮ್ಮ ಮೂರು ರೂಪಾಯಿ ಎರಡಾಗುತ್ತೆ. ಸೀಸ್ ಕಥೆ ಇಲ್ಲೇ ಬೇರೆ. 1972ರಲ್ಲಿ 1 ಕೋಟಿ 60 ಲಕ್ಷ ಪೌಂಡ್ ಮಿಠಾಯಿ ಮಾರಿ 3 ಕೋಟಿ ಡಾಲರ್ ತಂದರು. 2007ರಲ್ಲಿ 3 ಕೋಟಿ 10 ಲಕ್ಷ ಪೌಂಡ್ ಮಾರಿ 38 ಕೋಟಿ 30 ಲಕ್ಷ ತಂದರು. ಭಾಗಿಸಿ ನೋಡಿ. ಪೌಂಡಿಗೆ ಎರಡು ಡಾಲರಿಗಿಂತ ಕಡಿಮೆ ಇದ್ದದ್ದು ಹನ್ನೆರಡು ಡಾಲರ್ ದಾಟಿತು. ಆ 35 ವರ್ಷದಲ್ಲಿ ಅಮೆರಿಕದಲ್ಲಿ ಒಟ್ಟಾರೆ ಬೆಲೆಗಳು ಏರಿದ್ದು ಸುಮಾರು ಐದು ಪಟ್ಟು, ಇವರದು ಆರೂವರೆ ಪಟ್ಟು. ಹಾಗಿದ್ದೂ ಜನ ಕೊಳ್ಳುವುದು ಬಿಡಲಿಲ್ಲ. ತೆರಿಗೆಗೆ ಮುಂಚಿನ ಮಾರ್ಜಿನ್ ನೂರಕ್ಕೆ 16ರ ಆಸುಪಾಸಿನಿಂದ 21ಕ್ಕೆ ಬಂತು. ಬೆಲೆ ಏರಿಸಿಯೂ ಗಿರಾಕಿ ಉಳಿದರೆ ಅದೇ ಮೇಡಂ ಕೇಳಿದ ರಕ್ಷಣೆಯ ಗುರುತು. ಒಂದು ವರ್ಷದ ಅಂಕಿಯಲ್ಲಿ ಅದು ಕಾಣುವುದಿಲ್ಲ.

ನಿಮ್ಮ ರೊಟೇಷನ್ ಕೂಡ ಅಲ್ಲಿದೆ. ಮಾರಾಟ ನಗದಿಗೆ, ಉದ್ರಿ ಇಲ್ಲ. ಮಿಠಾಯಿ ಮಾಡಿ ಬೇಗ ಅಂಗಡಿಗೆ ಹೋಗುತ್ತೆ, ಸರಕು ಬಿದ್ದಿರುವುದಿಲ್ಲ. ಹಾಗಾಗಿ ಮಾರಾಟ ಹನ್ನೆರಡು ಪಟ್ಟು ಮೀರಿದರೂ ಬಂಡವಾಳ 80 ಲಕ್ಷದಿಂದ 4 ಕೋಟಿಗೆ ಬಂತು ಅಷ್ಟೇ.

ಆದರೆ ಇದರ ಇನ್ನೊಂದು ಮಗ್ಗುಲನ್ನೂ ಲೇಖನದಲ್ಲಿ ಬರೆಯಿರಿ ಮೇಡಂ. ತೂಕದ ಲೆಕ್ಕದಲ್ಲಿ ಮಾರಾಟ ಬೆಳೆದದ್ದು ವರ್ಷಕ್ಕೆ ನೂರಕ್ಕೆ ಎರಡರಷ್ಟೇ. 35 ವರ್ಷದಲ್ಲಿ ತೆರಿಗೆಗೆ ಮುಂಚೆ 135 ಕೋಟಿ ಡಾಲರ್ ಗಳಿಸಿದ ಕಂಪನಿ ತನ್ನೊಳಗೆ ಮತ್ತೆ ಹಾಕಿಕೊಂಡದ್ದು 3 ಕೋಟಿ 20 ಲಕ್ಷ. ಮಿಕ್ಕಿದ್ದಕ್ಕೆ ಅಲ್ಲಿ ಜಾಗ ಇರಲಿಲ್ಲ, ತೆರಿಗೆ ಕಟ್ಟಿ ಬೇರೆ ವ್ಯಾಪಾರಗಳಿಗೆ ಹೋಯಿತು. ಹಳೆಯ ದುಡ್ಡು ನೂರಕ್ಕೆ 25 ದುಡಿದರೆ ಹೊಸ ದುಡ್ಡೂ ಅಷ್ಟೇ ದುಡಿಯುತ್ತೆ ಅಂತ ನಂಬಿ ಮೋಸ ಹೋಗುವವರು ಬಹಳ ಜನ.

ಉತ್ತರ, ಸಕಲೇಶಪುರದಿಂದ

ಕಂದಕದ ಬಗ್ಗೆ ನಾನು ಹೇಳಬಹುದು. ನಮ್ಮ ಕಡೆ ಆನೆ ಕಂದಕ ಎಲ್ಲರಿಗೂ ಗೊತ್ತು. ಒಂದೆರಡು ಮಳೆಗಾಲಕ್ಕೆ ಮಣ್ಣು ಕುಸಿದು ತುಂಬುತ್ತೆ. ಆನೆಗಳೂ ಅಂಚಿನ ಮಣ್ಣನ್ನು ಕಾಲಿನಿಂದ ತಳ್ಳಿ ದಾರಿ ಮಾಡಿಕೊಂಡು ಬರುತ್ತವೆ. ಹೂಳು ತೆಗೆಸುತ್ತಲೇ ಇರಬೇಕು, ಇಲ್ಲದಿದ್ದರೆ ಬಾಳೆ, ಕಾಫಿ ಎರಡೂ ಹೋಯಿತು. ಹಾಗಾಗಿ ನಮ್ಮ ಕಡೆಯ ಓದುಗರಿಗೆ ಆ ಪದ ಸರಿಯಾಗಿಯೇ ತಾಗುತ್ತೆ.

ಆದರೆ ಪೇಪರಿನಲ್ಲಿ ‘ಬಡವ ಬಲ್ಲಿದರ ನಡುವಿನ ಕಂದಕ’ ಅಂತ ಓದಿ ಓದಿ, ಪೇಟೆಯವರಿಗೆ ಕಂದಕ ಅಂದರೆ ಬರೀ ಅಂತರ ಆಗಿಬಿಟ್ಟಿದೆ. ‘ಈ ಕಂಪನಿಗೆ ದೊಡ್ಡ ಕಂದಕ ಇದೆ’ ಅಂದರೆ ಏನೋ ನಷ್ಟ ಇದೆ ಅಂದುಕೊಂಡಾರು.

ಮರುಮಾತು, ಮೈಸೂರಿನಿಂದ

ಎಲ್ಲರಿಗೂ ತುಂಬಾ ಧನ್ಯವಾದ. ‘ಲಾಭಾಂಶ’ ಮತ್ತು ‘ಷೇರು ಬಂಡವಾಳ’ ಎರಡನ್ನೂ ಇವತ್ತೇ ಹೊಡೆದುಹಾಕಿದೆ. ಈಗಿನ ಸಾಲು ಹೀಗಿದೆ: ‘1972ರಲ್ಲಿ ನೂರು ಡಾಲರ್ ಮಾರಾಟಕ್ಕೆ ತೆರಿಗೆಗೆ ಮುಂಚೆ ಸುಮಾರು 16 ಡಾಲರ್ ಉಳಿಯುತ್ತಿತ್ತು, 2007ರಲ್ಲಿ 21 ಉಳಿಯಿತು.’ ಅಪ್ಪನಿಗೆ ಮತ್ತೆ ಓದಲು ಕೊಟ್ಟೆ. "ಬೆಲೆ ಏರಿಸಿದರಾ?" ಅಂತ ಕೇಳಿದರು.

ಕಂದಕ ಮಾತ್ರ ಇನ್ನೂ ಬಗೆಹರಿದಿಲ್ಲ. ‘ಪೈಪೋಟಿಯಲ್ಲಿ ಮೇಲುಗೈ’ ಅಂತ ಬರೆದು ನೋಡಿದೆ, ಅದು ಒಂದು ಪಂದ್ಯ ಗೆದ್ದ ಹಾಗೆ ಕೇಳಿಸುತ್ತೆ. ವರ್ಷಾನುಗಟ್ಟಲೆ ಕಾಯುವ ಅರ್ಥ ಬರುವುದಿಲ್ಲ. ‘ಕೋಟೆಯ ಕಂದಕ’ ಅಂತ ಎರಡೂ ಸೇರಿಸಿ ಬರೆದರೆ ಅಂತರ ಅನ್ನುವ ಅರ್ಥ ತಪ್ಪುತ್ತಾ?

ಉತ್ತರ, ಶಿರಸಿಯಿಂದ

ಮೊದಲು ತಪ್ಪಾಗಿ ತಿಳಿದೆ ಮೇಡಂ, ಉಡುಪಿಯ ಸರ್ ಬಿಡಿಸಿದ ಮೇಲೆ ಗೊತ್ತಾಯಿತು. ನಮ್ಮಲ್ಲಿ ತೋಟದ ಸುತ್ತ ದನ ಬಾರದ ಹಾಗೆ ತೋಡುವುದಕ್ಕೆ ‘ಅಗಳ’ ಅನ್ನುತ್ತೇವೆ. ಹಳಗನ್ನಡದಲ್ಲಿ ಕೋಟೆಯ ಸುತ್ತಿನದಕ್ಕೂ ಅದೇ ಪದ. ಅಂತರ ಅನ್ನುವ ಅರ್ಥ ಅದಕ್ಕೆ ಯಾವತ್ತೂ ಅಂಟಿಲ್ಲ. ಆದರೆ ಬಯಲುಸೀಮೆಯವರು ‘ಅನ್ನದ ಅಗಳು’ ಅಂತ ಓದಿಕೊಂಡರೆ ಏನು ಮಾಡುವುದೋ ಗೊತ್ತಿಲ್ಲ. ಚಿತ್ರದುರ್ಗದ ಕಡೆಯವರು ಯಾರಾದರೂ ಇದ್ದರೆ, ನಿಮ್ಮಲ್ಲಿ ಏನನ್ನುತ್ತಾರೆ ಹೇಳಿ.