ಪ್ರಾಜೆಕ್ಟ್ ಬಿತ್ತು, ಟೀಮ್‌ನಲ್ಲಿ ಜಗಳ. ಸೋಮವಾರ ಏನು ಮಾತಾಡಲಿ?

ಕೇಳಿದವರು, ಶಿರಸಿ: ಅಡಿಕೆ ಟೆಂಡರ್ ನಡೆಸುವ ಒಂದು ಸಂಘಕ್ಕೆ ನಮ್ಮ ಹೊಸ ಸಾಫ್ಟ್‌ವೇರ್ ಹಾಕಿದೆವು. ಮೊದಲ ದಿನವೇ ಬಿಳೆಗೋಟು ಅನ್ನೋ ದರ್ಜೆಯ ಅಡಿಕೆಯ ಲಾಟ್‌ಗಳು ಕಾಣಲಿಲ್ಲ. ಮಧ್ಯಾಹ್ನಕ್ಕೆ ಅವರು ಹಳೇದಕ್ಕೇ ವಾಪಸ್. ಟೀಮಿನ ಏಳು ಜನರೂ ತಪ್ಪನ್ನು ಒಬ್ಬರ ಮೇಲೊಬ್ಬರು ಹಾಕ್ತಿದ್ದಾರೆ. ಲೀಡ್ ನಾನೇ. ಅನುಭವ ಇದ್ದವರು ಹೇಳಿ.

ಕಾರವಾರದ ಪಂಜರ ಮೀನಿನವರು: ನಮ್ಮದು ಕಾಳಿ ಅಳಿವೆಯಲ್ಲಿ ಸೀಬಾಸ್. ಐದು ಜನರ ಗುಂಪು. ಜೂನ್ ಮೊದಲ ಮಳೆಗೆ ಒಂದೇ ಬೆಳಗಿನ ಜಾವ 640 ಮೀನು ಹೊಟ್ಟೆ ಮೇಲಾಗಿ ತೇಲಿದವು. ಒಂದೊಂದೂ ಮುಕ್ಕಾಲು ಕಿಲೋದ ಮೇಲೆ. ಇನ್ನು ಮೂರು ವಾರಕ್ಕೆ ಮಾರಾಟ ಇತ್ತು. ಮರಿಯ ದುಡ್ಡು, ಹತ್ತು ತಿಂಗಳು ಮೇವಿಗೆ ಹಾಕಿದ ತಾರ್ಲೆ ಮೀನಿನ ದುಡ್ಡು, ದೋಣಿಯ ಡೀಸೆಲ್, ಎಲ್ಲ ನೀರಿಗೆ. ಹೂಳೋದಕ್ಕೂ 1,800 ರೂಪಾಯಿ ಕೂಲಿ ಕೊಟ್ಟೆ.

ಮೇವು ಹಾಕುವವನು ಬಲೆಯವನನ್ನು ಬೈದ. ಬಲೆಯವನು ರಾತ್ರಿ ಕಾವಲಿನವನನ್ನು ಬೈದ. ನಾನು ಎರಡು ದಿನ ಸುಮ್ನಿದ್ದೆ, ಅದು ತಪ್ಪು. ಮೂರನೇ ದಿನ ಶೆಡ್‌ನಲ್ಲಿ ಮೇವಿನ ಲೆಕ್ಕದ ಪುಸ್ತಕದ ಹಿಂದೆ ತಾರೀಕು ಬರೆದು ಓದಿದೆ. "ಮೇ 28ಕ್ಕೆ ಬಲೆ ಬದಲಿಸಬೇಕಿತ್ತು. ಚಿಪ್ಪು, ಕೆಸರು ಹಿಡಿದು ಕಣ್ಣು ಮುಚ್ಚಿತ್ತು. ಮಾರಾಟ ಹತ್ತಿರ ಇದೆ, ಈಗ ಬೇಡ ಅಂದವನು ನಾನು." ಅಷ್ಟೇ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಕಾವಲಿನವನು ಬಾಯಿಬಿಟ್ಟ. ಮೂರು ಗಂಟೆಗೇ ಮೀನು ಮೇಲೆ ಬಂದು ಬಾಯಿ ಬಡಿಯೋದನ್ನು ನೋಡಿದ್ದನಂತೆ. "ಹೋದ ಸಲ ಫೋನ್ ಮಾಡಿದ್ದಕ್ಕೆ ನಿದ್ದೆ ಕೆಡಿಸ್ತೀಯಾ ಅಂದ್ರಲ್ಲ, ಅದಕ್ಕೆ ಮಾಡಲಿಲ್ಲ." ಆ ಮಾತು ಅಂದಿದ್ದೂ ನಾನೇ! ಬಲೆ ಮುಚ್ಚಿದರೆ ನೀರು ಹರಿಯಲ್ಲ, ಬೆಳಗಿನ ಜಾವಕ್ಕೆ ಆಮ್ಲಜನಕ ತೀರಾ ಕಡಿಮೆಯಾಗುತ್ತೆ. ಬೇಗ ಕರೆದಿದ್ದರೆ ಅರ್ಧವಾದರೂ ಉಳಿಸ್ತಿದ್ದೆವೇನೋ.

ಸಿದ್ದಾಪುರ, ಹಳೇ ಸಾಫ್ಟ್‌ವೇರ್‌ನವ: ಇಂಥ ಉಪದೇಶ ಕೇಳಿಯೇ ನಾನು ಹಾಳಾದದ್ದು. "ತಪ್ಪೆಲ್ಲ ನನ್ನದು" ಅಂತ ಟೀಮ್ ಮುಂದೆ ಹೇಳಿ, ಅದನ್ನೇ ಗ್ರಾಹಕರಿಗೂ ಮೇಲ್ ಮಾಡಿದೆ. ಕೊನೆಯ ಕಂತು 1,85,000 ತಡೆದರು. ಕೇಳಿದರೆ ನನ್ನ ಮೇಲನ್ನೇ ತೋರಿಸಿದರು. ನಿಜ ನೋಡಿದರೆ ಡೇಟಾ ಕೊಟ್ಟವರೇ ಅವರು. ಲೀಡ್ ಏನನ್ನೂ ಒಪ್ಪಿಕೊಳ್ಳಬಾರದು.

ಕಾರವಾರದ ಪಂಜರ ಮೀನಿನವರು: ನಾನು ಶೆಡ್‌ನಲ್ಲಿ ಒಂದು ತಪ್ಪು ಒಪ್ಪಿದೆ. ನೀವು ಊರಿನ ತಪ್ಪನ್ನೆಲ್ಲ ಬರೆದುಕೊಟ್ಟಿರಿ. ಎರಡೂ ಒಂದೇನಾ ಮಾರಾಯ್ರೆ?

ಹೊನ್ನಾವರ: ಭಾಷಣಕ್ಕೆ ಮೈಕ್ ಇಡಬೇಡಿ. ನಮ್ಮ ಯಕ್ಷಗಾನದ ಆಟ ಮಳೆಗೆ ಬಿತ್ತು, ಪೆಂಡಾಲಿಗೇ 22,000 ಹೋಯಿತು. "ಮನಸ್ಸು ಬಿಚ್ಚಿ ಮಾತಾಡಿ" ಅಂತ ಅಧ್ಯಕ್ಷರು ಶುರು ಮಾಡಿದರು. ರಾತ್ರಿ ಹನ್ನೊಂದೂವರೆವರೆಗೂ ತಾರೀಕು ಇಟ್ಟವರು ಯಾರು ಅಂತ ಜಗಳ. ಇಬ್ಬರು ಇನ್ನೂ ಮಾತು ಬಿಟ್ಟಿದ್ದಾರೆ.

ಕುಮಟಾ, ಮನೆಯಿಂದ ಕೆಲಸ: ಹನ್ನೆರಡು ವರ್ಷ ಟೀಮ್ ನಡೆಸಿದೀನಿ, ಇಂಥ ಸಭೆ ಮೂರು ಸಲ ಮಾಡಿದೀನಿ. ಮೊದಲ ಸಲ "ನಾವೆಲ್ಲ ಜವಾಬ್ದಾರರು" ಅಂದೆ. ಅಂದ್ರೆ ಯಾರೂ ಅಲ್ಲ ಅಂತ ಆಯ್ತು, ಗುಸುಗುಸು ಇನ್ನೂ ಜಾಸ್ತಿಯಾಯಿತು. ಕೊನೆಯ ಸಲ, ಎಲ್ಲರೂ ಬೈತಿದ್ದ ಟೆಸ್ಟಿಂಗ್ ಹುಡುಗಿಯ ಹತ್ತಿರ ಸಭೆಗೆ ಮೊದಲೇ ಹೋಗಿ ಮಾತಾಡಿದೆ. "ತಪ್ಪು ನಿನ್ನ ಮೇಲೆ ಬರಲ್ಲ, ಬಂದರೆ ನಾನು ತಡೀತೀನಿ" ಅಂದೆ. ಸಭೆಯಲ್ಲಿ ಆರು ನಿಮಿಷ ಮಾತು, ಹೆಚ್ಚುಕಡಿಮೆ ಹೀಗೆ:

"ಶುಕ್ರವಾರ 10.20ಕ್ಕೆ ತೊಂದರೆ ಕಂಡಿತು, 12.05ಕ್ಕೆ ವಾಪಸ್ ತಗೊಂಡೆವು. ನಡುವೆ ಏನಾಯ್ತು ಅಂತ ಪೂರ್ತಿ ಗೊತ್ತಿಲ್ಲ. ಹಳೇ ಡೇಟಾದಲ್ಲಿ ಒಂದು ಸುತ್ತು ಓಡಿಸಿ ನೋಡೋಣ ಅಂತ ಇವಳು ಕೇಳಿದ್ದಳು. ಸಮಯ ಇಲ್ಲ ಅಂತ ತೀರ್ಮಾನ ಮಾಡಿದ್ದು ನಾನು. ಬುಧವಾರ ಲಾಗ್ ಹಿಡಿದು ಕೂರೋಣ. ಅಲ್ಲಿವರೆಗೆ ಯಾರು ಅಂತ ಯಾರೂ ಕೇಳಬೇಡಿ, ಯಾವಾಗ, ಏನು ಅಂತ ಕೇಳಿ. ಗ್ರಾಹಕರ ಫೋನ್ ನನಗೆ ಬರಲಿ. ಕೆಲಸ ಹೋಗುತ್ತಾ ಅಂತ ಕೇಳಿದರೆ, ನನ್ನ ಕೈಲಿಲ್ಲ. ಗೊತ್ತಾದ ದಿನವೇ ಹೇಳ್ತೀನಿ."

ಆ ಕೊನೆಯ ಮಾತಿಗೆ ಮುಖಗಳು ಕಪ್ಪಿಟ್ಟವು. ಆದರೂ ಸುಳ್ಳು ಭರವಸೆ ಕೊಡಲಿಲ್ಲ. ಒಬ್ಬ ಹುಡುಗ ಹದಿನೈದು ದಿನಕ್ಕೆ ಬಿಟ್ಟೇ ಹೋದ.

ಸಿದ್ದಾಪುರ, ಹಳೇ ಸಾಫ್ಟ್‌ವೇರ್‌ನವ: ಹಾಗಾದರೆ ನಿಜವಾಗಿ ಸೋಮಾರಿತನ ಮಾಡಿದವನಿಗೆ ಪೂಜೆ ಮಾಡೋದಾ ಅಕ್ಕ?

ಕುಮಟಾ, ಮನೆಯಿಂದ ಕೆಲಸ: ಅದು ಒಬ್ಬೊಬ್ಬರನ್ನೇ ಕೂರಿಸಿ ಮಾತಾಡೋದು, ಲಾಗ್ ನೋಡಿದ ಮೇಲೆ. ನನ್ನ ಕೇಸಲ್ಲಿ ಬೈಸಿಕೊಂಡ ಆ ಹುಡುಗಿಯದು ತಪ್ಪೇನೂ ಇರಲಿಲ್ಲ. ಒಂದೇ ಹೆಸರನ್ನು ಹಳೇ ಡೇಟಾದಲ್ಲಿ ಎರಡು ಥರ ಬರೆದಿದ್ದರು.

ಕೇಳಿದವರು, ಶಿರಸಿ: ಅಯ್ಯೋ. ನಮ್ಮಲ್ಲೂ "ಬಿಳೆಗೋಟು", "ಬಿಳಿಗೋಟು" ಎರಡೂ ಇವೆ. ಈಗ ನೋಡಿದೆ.

ಸಿದ್ದಾಪುರ, ಹಳೇ ಸಾಫ್ಟ್‌ವೇರ್‌ನವ: ನೋಡಿ, ಡೇಟಾ ಅವರದ್ದೇ ತಪ್ಪು ಅಂದೆನಲ್ಲ!

ಕಾರವಾರದ ಪಂಜರ ಮೀನಿನವರು: ನಿಮ್ಮ 1,85,000 ಬಂತಾ ಇಲ್ವಾ, ಅದನ್ನು ಮೊದಲು ಹೇಳಿ.